ಸಹಾಯ ಬೇಕು: ಬಾಕಿ ಬಿಲ್‌ಗಳು ತಪ್ಪು ಗುಂಪಿಗೆ ಹೋಗುತ್ತಿವೆ

ಎಲ್ಲರಿಗೂ ನಮಸ್ಕಾರ. ನಮ್ಮ ಹಾರ್ಡ್‌ವೇರ್ ಅಂಗಡಿಗೆ ಬರಬೇಕಾದ ಬಾಕಿಯನ್ನು ಎಕ್ಸೆಲ್‌ನಲ್ಲಿ ದಿನದ ಲೆಕ್ಕದಲ್ಲಿ ಬೇರ್ಪಡಿಸುತ್ತಿದ್ದೇನೆ. H1ರಲ್ಲಿ 31-03-2025 ಇದೆ, B ಕಾಲಂನಲ್ಲಿ ಬಿಲ್ ತಾರೀಖು. ಪಕ್ಕದ ಪಟ್ಟಿಯಲ್ಲಿ 0, 31, 61, 91 ಎಂದು ಏರಿಕೆ ಕ್ರಮದಲ್ಲೇ ಇಟ್ಟಿದ್ದೇನೆ.

```
=VLOOKUP($H$1-B2,$J$2:$K$5,2,TRUE)
```

ನಾನೇ ಟೈಪ್ ಮಾಡಿದ ಬಿಲ್‌ಗಳು ಸರಿಯಾಗಿ ಬರುತ್ತವೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಫೈಲ್ ತೆರೆದಾಗ ಮಾತ್ರ ಗೋಳು. 13-02-2025 ಇದ್ದಲ್ಲಿ `#VALUE!`, 05-02-2025 ಇದ್ದಲ್ಲಿ `#N/A`. ನೋಡಿದರೆ ಕಂಪ್ಯೂಟರ್ ತಿಂಗಳನ್ನು ಮೊದಲು ಓದುತ್ತಿದೆ. ಫೆಬ್ರವರಿ 5 ಮೇ 2 ಆಗಿ, ವ್ಯತ್ಯಾಸ -32 ಬಂತು. ಪಟ್ಟಿ ಶುರುವಾಗುವುದೇ 0ಯಿಂದ, ಅದಕ್ಕಿಂತ ಕಮ್ಮಿಗೆ ಉತ್ತರ ಎಲ್ಲಿಂದ ಬರಬೇಕು! 13ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಇನ್ನೊಂದು ಬರೀ ಪಠ್ಯವಾಗಿ ಉಳಿದಿದೆ.

ಎರರ್ ಬಂದರೆ ಗೊತ್ತಾದರೂ ಆಗುತ್ತದೆ. ಭಯ ಇರುವುದು 03-01-2025ರಂಥವುಗಳದ್ದು. ಜನವರಿ 3ರ ಬಿಲ್‌ಗೆ 87 ದಿನ ಆಗಬೇಕು. ಅದು ಮಾರ್ಚ್ 1 ಆಗಿ, 30 ದಿನ ಅಂತ ತೋರಿಸಿ, ಸುಮ್ನೆ 0–30ರ ಗುಂಪಿಗೆ ಸೇರಿಕೊಂಡಿದೆ.

Text to Columns‌ನಲ್ಲಿ DMY ಆರಿಸಿದೆ. ಪಠ್ಯವಾಗಿದ್ದವು ಸರಿಹೋದವು, ಆಗಲೇ ತಿರುಗಿಹೋದ ತಾರೀಖುಗಳು ಹಾಗೇ ಇವೆ. ಇವನ್ನು ಮಾತ್ರ ಹಿಂದಕ್ಕೆ ತಿರುಗಿಸಲು ಸೂತ್ರ ಇದೆಯಾ? ಇಲ್ಲಾ ಫೈಲನ್ನು ಬೇರೆ ರೀತಿ ತೆರೆಯಬೇಕಾ? 400 ಬಿಲ್ ಇವೆ, ಕೈಯಲ್ಲಿ ತಿದ್ದೋಕೆ ಆಗಲ್ಲ.