ಅಪ್‌ಡೇಟ್: ಹುಬ್ಬಳ್ಳಿಯಿಂದ ಕರೆ ಬರ್ತಿದೆ

ನನ್ನ ಪ್ರಶ್ನೆ: "ಶಿರಸಿಯ ಅಡಿಕೆ ವ್ಯಾಪಾರದ ಆಫೀಸಲ್ಲಿ ಅಕೌಂಟೆಂಟ್. ಜಾಬ್ ಪೋರ್ಟಲ್‌ನಲ್ಲಿ ಪ್ರೊಫೈಲ್ ಇದ್ರೂ ಯಾರೂ ಕರೆಯಲ್ಲ. ಸಾಹುಕಾರರಿಗೆ ಗೊತ್ತಾಗದ ಹಾಗೆ ಏನು ಮಾಡ್ಲಿ?"

ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್, ಈಗ ಕರೆ ಬರ್ತಿದೆ. ಹೆಚ್ಚು ಉಪಯೋಗ ಆಗಿದ್ದು ಪ್ರೊಫೈಲ್‌ನ ಹೆಡ್‌ಲೈನ್ ಬದಲಿಸಿದ್ದು. "ಪ್ರಾಮಾಣಿಕ, ಶ್ರಮಜೀವಿ" ಅಂತ ಯಾವ ರಿಕ್ರೂಟರ್ ಹುಡುಕ್ತಾನೆ? ಹುಬ್ಬಳ್ಳಿಯ ಅಕೌಂಟೆಂಟ್ ಜಾಹೀರಾತುಗಳನ್ನ ಓದಿ, ಪದೇಪದೇ ಬರೋ ಪದಗಳಲ್ಲಿ ನಾನು ನಿಜಕ್ಕೂ ಮಾಡೋ ಕೆಲಸಕ್ಕೆ ಸೇರಿದವನ್ನಷ್ಟೇ ಎತ್ತಿಕೊಂಡೆ. ಈಗ ಹೀಗಿದೆ:

```
Accountant | Tally Prime | GSTR-1, GSTR-3B | TDS | Bank Reconciliation
```

ಇದೇ ಪದಗಳು ಸ್ಕಿಲ್ಸ್‌ನಲ್ಲೂ ರೆಸ್ಯೂಮೆಯಲ್ಲೂ ಇವೆ. ಊರು ಶಿರಸಿಯೇ, ಕೆಲಸ ಬೇಕಾದ ಊರು ಅನ್ನೋ ಕಡೆ ಹುಬ್ಬಳ್ಳಿ ಸೇರಿಸಿದೆ. ಅದಿಲ್ಲದಿದ್ದರೆ ಊರು ಹಾಕಿ ಹುಡುಕುವವರ ಪಟ್ಟಿಗೇ ನಾವು ಬರದೆ ಹೋಗಬಹುದು.

ರಿಕ್ರೂಟರ್‌ಗಳು ಇತ್ತೀಚೆಗೆ ಸಕ್ರಿಯರಾದವರನ್ನೇ ಸೋಸಿ ನೋಡ್ತಾರಂತೆ. ಹಾಗಾಗಿ ವಾರಕ್ಕೊಮ್ಮೆ ಲಾಗಿನ್ ಆಗಿ ಏನಾದ್ರೂ ಸಣ್ಣದು ತಿದ್ದುತೀನಿ.

ಗುಟ್ಟಿನ ವಿಷಯ: ಸೆಟ್ಟಿಂಗ್ಸ್‌ನಲ್ಲಿ ನಮ್ಮ ಕಂಪನಿಯನ್ನ ಬ್ಲಾಕ್ ಮಾಡಿದೆ, ಸಾಹುಕಾರರ ಅಣ್ಣನ ಫರ್ಮನ್ನೂ ಬಿಡಲಿಲ್ಲ! ಆದ್ರೆ ಅವರ ಪರವಾಗಿ ಹುಡುಕೋ ಕನ್ಸಲ್ಟೆನ್ಸಿಗೆ ಪ್ರೊಫೈಲ್ ಕಾಣಬಹುದು. ಅದಕ್ಕೇ ರೆಸ್ಯೂಮೆಯಲ್ಲಿ ಆಫೀಸಿನ ಹೆಸರಿನ ಬದಲು "ಅಡಿಕೆ ವ್ಯಾಪಾರ ಸಂಸ್ಥೆ" ಅಂತಿದೆ. ಮನೆ ವಿಳಾಸ, ಆಧಾರ್ ನಂಬರ್ ತೆಗೆದಿದ್ದೇನೆ.