ಓದುಗರ ಸ್ಪಂದನ: ಹನ್ನೊಂದು ಜನರ ಮನೆಯಲ್ಲಿ ನನಗೊಂದು ಮೂಲೆ

ಕಳೆದ ಸಲದ ಪತ್ರ

ನನಗೆ 31 ವರ್ಷ. ದಾವಣಗೆರೆಯಲ್ಲಿ ನಮ್ಮದು ಜವಳಿ ಅಂಗಡಿ. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ದೊಡ್ಡಪ್ಪನ ಮಗ ಮತ್ತು ನಾನು. ನಾನು ಗೇ. ಹರಿಹರದ ಒಬ್ಬರ ಜೊತೆ ಮೂರು ವರ್ಷದ ಸಂಬಂಧ, ಮನೆಯವರ ಪಾಲಿಗೆ ಅವರು ಬರೀ ‘ಫ್ರೆಂಡ್’. ದೊಡ್ಡಪ್ಪನ ಮಗನೂ ನಾನೂ ಒಂದೇ ರೂಮಿನಲ್ಲಿ ಮಲಗುತ್ತೇವೆ. ಹೋದ ತಿಂಗಳು ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ವಾಟ್ಸಾಪ್ ತೆರೆದೇ ಉಳಿದಿತ್ತು. ಅಣ್ಣ ಏನು ನೋಡಿದನೋ ಗೊತ್ತಿಲ್ಲ, ಅವತ್ತಿನಿಂದ ಮಾತು ಕಡಿಮೆ. ಹೆಣ್ಣು ನೋಡಲು ಹೋಗೋಣ ಅಂತ ಒತ್ತಾಯ ಜಾಸ್ತಿಯಾಗಿದೆ. ಮೊನ್ನೆ ದೊಡ್ಡಪ್ಪ “ಏನಾದರೂ ತೊಂದರೆ ಇದ್ದರೆ ಡಾಕ್ಟರಿಗೆ ತೋರಿಸೋಣ” ಅಂದರು. ಮನೆ ಬಿಡಲು ಮನಸ್ಸಿಲ್ಲ, ಇರಲೂ ಆಗುತ್ತಿಲ್ಲ.

ಸಾಗರದ ಹತ್ತಿರದ ಹಳ್ಳಿಯಿಂದ, 54 ವರ್ಷದ ಓದುಗ

ತಮ್ಮಾ, ನಾನೂ ನಿನ್ನ ಹಾಗೇ. ಅಡಿಕೆ ತೋಟದ ಮನೆ. ಒಂದು ಕಾಲಕ್ಕೆ ಒಟ್ಟಿಗೆ ಹದಿನಾಲ್ಕು ಜನ ಉಣ್ಣುತ್ತಿದ್ದೆವು.

ಮೊದಲು ರೂಮಿನ ವಿಷಯ. ನನಗೆ ಒಂದು ಸಲ ಬುದ್ಧಿ ಬಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದೆ. ಅದು ನನ್ನ ದೊಡ್ಡ ತಪ್ಪು. ಅಲ್ಲಿಯವರೆಗೆ ಯಾರಿಗೂ ನನ್ನ ರೂಮಿನ ನೆನಪೇ ಇರಲಿಲ್ಲ. ಚಿಲಕ ಬಂದ ಮೇಲೆ ಅಮ್ಮ ದಿನಕ್ಕೆ ನಾಲ್ಕು ಸಲ ಬಾಗಿಲು ತಟ್ಟತೊಡಗಿದಳು, ಒಮ್ಮೆ ಕಾಫಿ, ಒಮ್ಮೆ ಒಣಗಿದ ಬಟ್ಟೆ. ತುಂಬಿದ ಮನೆಯಲ್ಲಿ ಮುಚ್ಚಿದ ಬಾಗಿಲು ಅಂದರೆ ಒಂದು ಪ್ರಶ್ನೆ.

ನನ್ನನ್ನು ಉಳಿಸಿದ್ದು ಬುಧವಾರ. ಪ್ರತಿ ಬುಧವಾರ ಮಧ್ಯಾಹ್ನ ಊಟ ಮುಗಿಸಿ ಸಾಗರಕ್ಕೆ ಹೊರಡುತ್ತಿದ್ದೆ. ಸೊಸೈಟಿ ಕೆಲಸ, ಗೊಬ್ಬರ, ಗ್ಯಾಸ್ ಸಿಲಿಂಡರ್ ಎಲ್ಲವನ್ನೂ ಅವತ್ತಿಗೇ ಇಟ್ಟುಕೊಂಡೆ, ಮತ್ತು ಆ ಕೆಲಸಗಳನ್ನು ನಿಜವಾಗಿಯೂ ಮಾಡಿದೆ. ಮೊದಲ ಎರಡು ತಿಂಗಳು ಎಲ್ಲಿಗೆ, ಯಾವಾಗ ಬರ್ತೀಯ ಅಂತ ಕೇಳಿದರು. ಆಮೇಲೆ “ಇವತ್ತು ಬುಧವಾರ, ಅವನು ಇರಲ್ಲ” ಅಂತ ಅವರೇ ಬಂದವರಿಗೆ ಹೇಳತೊಡಗಿದರು. ಸಂಜೆಯ ಮೂರು ಗಂಟೆ ನನ್ನದಾಯಿತು. ದಿನಕ್ಕೊಂದು ನೆಪ ಹೇಳಿದ್ದರೆ ಸಿಕ್ಕಿಬೀಳುತ್ತಿದ್ದೆ.

ಇನ್ನು ಮದುವೆ. ಇದರಲ್ಲಿ ನಾನು ಮಾಡಿದ್ದನ್ನು ನೀನು ಮಾಡಬೇಡ. ಪರಿಚಯದ ಜೋಯಿಸರ ಕೈಯಲ್ಲಿ ಜಾತಕದಲ್ಲಿ ಕುಜದೋಷ ಇದೆ ಅಂತ ಹೇಳಿಸಿದೆ. ಒಂದು ವರ್ಷ ಆರಾಮವಾಗಿದ್ದೆ. ಆಮೇಲೆ ಶಾಂತಿ ಮಾಡಿಸಿದರು. ಅಷ್ಟಕ್ಕೇ ಬಿಡದೆ, ಸರಿಯಾಗಿ ಅದೇ ದೋಷ ಇರುವ ಹುಡುಗಿಯನ್ನೇ ಹುಡುಕಿಕೊಂಡು ಬಂದರು! ಸಂಬಳ ಸಾಲದು ಅಂದೆ, ಚಿಕ್ಕಪ್ಪ ಎರಡು ಎಕರೆ ತೋಟ ನನಗೆ ನೋಡಿಕೊಳ್ಳಲು ಕೊಟ್ಟರು. ನಮ್ಮವರಿಗೆ ಒಂದು ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಹುಡುಕುವುದೇ ಕೆಲಸ. ಕೊನೆಗೆ ಕಾರಣ ಹೇಳುವುದನ್ನೇ ಬಿಟ್ಟೆ. “ನಾನು ಮದುವೆ ಆಗಲ್ಲ, ನೀವು ಯಾರಿಗೂ ಮಾತು ಕೊಡಬೇಡಿ.” ಯಾರು ಕೇಳಿದರೂ ಇದೇ ಮಾತು, ಇದೇ ಧ್ವನಿ. ಅತ್ತರು, ಬೈದರು, ಮೂರು ವರ್ಷ ಹೀಗೇ ನಡೆಯಿತು. ಆದರೆ ಹಿಡಿದು ಎಳೆಯಲು ಅವರ ಕೈಗೆ ಎಳೆ ಸಿಗಲಿಲ್ಲ.

ಒಂದು ವಿಷಯ ಮಾತ್ರ ಮರೆಯಬೇಡ. ಹೆಣ್ಣಿನ ಮನೆಯವರು ಉಪ್ಪಿಟ್ಟು, ಕೇಸರಿಬಾತ್ ಮಾಡಿ ಕೂತಿರುವಾಗ ಬೇಡ ಅನ್ನಬಾರದು. ನಾನು ಹಾಗೆ ಒಂದು ಸಲ ಮಾಡಿದ್ದೇನೆ. ಆ ಹುಡುಗಿ ಟ್ರೇ ಹಿಡಿದು ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾರು ಹತ್ತುವ ಮೊದಲೇ ಬೇಡ ಅನ್ನು.

ತುಮಕೂರಿನಿಂದ, ಮೊಬೈಲ್ ಅಂಗಡಿ ನಡೆಸುವವರು

ಬ್ರೋ, ಇವತ್ತೇ ನಿಮ್ಮ ವಾಟ್ಸಾಪಿನಲ್ಲಿ Linked devices ತೆರೆದು ನೋಡಿ. ಅಂಗಡಿ ಕಂಪ್ಯೂಟರಿನ ಹೆಸರು ಕಂಡರೆ ಅದನ್ನು ಒತ್ತಿ Log out ಮಾಡಿ. ಅಂಗಡಿಯ ಆರ್ಡರುಗಳಿಗೆ ಬೇರೆ ನಂಬರ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮತ್ತೆ ಅದೇ ಕಥೆ. ಲಾಕ್ ಆದ ಪರದೆ ಮೇಲೆ ಮೆಸೇಜಿನ ಮಾತು ಕಾಣದ ಹಾಗೆ ನೋಟಿಫಿಕೇಷನ್ ಬದಲಿಸಿ. ಮನೆಯಲ್ಲಿ ಮಕ್ಕಳು ಗೇಮ್ ಆಡಲು ಫೋನ್ ಕಿತ್ತುಕೊಳ್ಳುತ್ತಾರೆ, ಅವರೇ ಜೋರಾಗಿ ಓದಿಬಿಡುತ್ತಾರೆ.

ಜನ ಜಾಸ್ತಿ ಮರೆಯುವುದು ಫೋಟೊ. ಅಣ್ಣನ ಹಳೇ ಫೋನಿನಲ್ಲೋ ಮನೆಯ ಟಿವಿಯಲ್ಲೋ ನಿಮ್ಮ ಗೂಗಲ್ ಅಕೌಂಟ್ ಉಳಿದಿದ್ದರೆ, ಇಲ್ಲಿ ತೆಗೆದ ಫೋಟೊ ಅಲ್ಲಿ ಬಂದು ಕೂರುತ್ತದೆ. ನನ್ನ ಅಂಗಡಿಗೆ ಬಂದವರೊಬ್ಬರಿಗೆ ಹೀಗೇ ಆಯಿತು. ಟಿವಿ ಸುಮ್ನೆ ಇದ್ದಾಗ ಫೋಟೊಗಳು ಒಂದೊಂದಾಗಿ ಬರುತ್ತಿದ್ದವು, ಹಾಲ್‌ನಲ್ಲಿ ಮಾವ ಕೂತಿದ್ದರು. ಅದು ಪುಣ್ಯಕ್ಕೆ ಸಾಲದ ಚೀಟಿಯ ಫೋಟೊ.

ಹಾಸನದಿಂದ, ಒಬ್ಬ ಅತ್ತಿಗೆ

ನನ್ನ ಮೈದುನ ನನಗೆ ಹೇಳಿದ್ದು ಗೌರಿ ಹಬ್ಬದ ಹಿಂದಿನ ದಿನ. ಅಡುಗೆಮನೆಯಲ್ಲಿ ಇಬ್ಬರೇ ಇದ್ದೆವು. ನಾನು ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ, ಅವನು ತೆಂಗಿನಕಾಯಿ ತುರಿಯುತ್ತಿದ್ದ. ಮಿಕ್ಸಿ ಸದ್ದಿನ ಮಧ್ಯೆ ಹೇಳಿದ. ನನಗೆ ಸರಿಯಾಗಿ ಕೇಳಿಸದೆ “ಏನಂದೆ?” ಅಂದೆ. ಪಾಪ, ಇನ್ನೊಂದು ಸಲ ಹೇಳಬೇಕಾಯಿತು.

ನನಗೆ ಅವನ ಮೇಲೆ ಸಿಟ್ಟೇನೂ ಬರಲಿಲ್ಲ. “ಯಾರಿಗೂ ಹೇಳಬೇಡಿ ಅತ್ತಿಗೆ” ಅಂದ, ಆಯಿತು ಅಂದೆ. ಆ ‘ಯಾರಿಗೂ’ ಅನ್ನುವುದರಲ್ಲಿ ನನ್ನ ಗಂಡನೂ ಬರುತ್ತಾರೆ ಅಂತ ರಾತ್ರಿ ಮಲಗಿದಾಗ ಹೊಳೆಯಿತು. ನಾಲ್ಕು ವರ್ಷ ಬಾಯಿ ಬಿಡಲಿಲ್ಲ. ಆಮೇಲೆ ವಿಷಯ ಹೊರಗೆ ಬಂದಾಗ ನಮ್ಮ ಮನೆಯವರಿಗೆ ತಮ್ಮನ ಮೇಲಿಗಿಂತ ನನ್ನ ಮೇಲೆ ಕೋಪ ಜಾಸ್ತಿ. “ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ” ಅನ್ನುವ ಒಂದೇ ಮಾತು ಆರು ತಿಂಗಳು ನಮ್ಮಿಬ್ಬರ ನಡುವೆ ಇತ್ತು.

ಅದಕ್ಕೇ ಹೇಳುತ್ತೇನೆ ಕಣಪ್ಪಾ, ಮನೆಯಲ್ಲಿ ಒಬ್ಬರಿಗೆ ಹೇಳಬೇಕು ಅನ್ನಿಸಿದರೆ ಜೊತೆಗೆ ಇದನ್ನೂ ಬಿಡಿಸಿ ಹೇಳು: ಯಾರ ಹತ್ತಿರ ಮಾತಾಡಬಹುದು, ಯಾರ ಹತ್ತಿರ ಬೇಡ, ಎಲ್ಲಿಯವರೆಗೆ. ನಿನ್ನ ಅಣ್ಣ ಏನೋ ನೋಡಿದ್ದಾನೆ ಅನ್ನುತ್ತೀಯ. ನೋಡಿದ್ದರೂ ಒಂದು ತಿಂಗಳಿಂದ ಯಾರಿಗೂ ಹೇಳಿಲ್ಲ ಅಲ್ವಾ? ಹೇಳಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ದೊಡ್ಡಮ್ಮ ಅತ್ತು ಮುಗಿಸಿರುತ್ತಿದ್ದರು. (ದೊಡ್ಡಪ್ಪನ ಡಾಕ್ಟರ್ ಮಾತು ಅವನಿಂದಲೇ ಬಂದದ್ದೋ ಅಂತ ಒಂದು ಸಂಶಯ ಇದ್ದೇ ಇದೆ, ನೀನೇ ನೋಡಿಕೊ.) ಅವನ ಜೊತೆ ಮಾತಾಡುವುದಾದರೆ ಮನೆಯಲ್ಲಿ ಬೇಡ, ಅಂಗಡಿಯಲ್ಲಿ ಬೇಡವೇ ಬೇಡ. ಗಾಡಿಯಲ್ಲಿ ಮಾಲು ತರಲು ಇಬ್ಬರೇ ಹೋಗುವಾಗ ಕೇಳು. ಇಬ್ಬರೂ ರಸ್ತೆ ನೋಡುತ್ತಿರುತ್ತೀರಿ, ಮುಖ ನೋಡಬೇಕಾಗಿಲ್ಲ. “ಅವತ್ತು ಕಂಪ್ಯೂಟರಿನಲ್ಲಿ ಏನು ನೋಡಿದೆ?” ಅಂತ ಶುರು ಮಾಡು. ಎಲ್ಲವನ್ನೂ ನೀನೇ ಮೊದಲು ಹೇಳಿಬಿಡಬೇಡ. ಅವನು ನೋಡಿದ್ದು ಅಂಗಡಿ ದುಡ್ಡಿನ ವಿಷಯವೂ ಆಗಿರಬಹುದು!

ಹುಬ್ಬಳ್ಳಿಯಿಂದ, ವಕೀಲೆ

ನಿಮ್ಮ ಪತ್ರದಲ್ಲಿ ದುಡ್ಡಿನ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಮೊದಲು ಕಂಡಿದ್ದೇ ಅದು. ಅಂಗಡಿಯಲ್ಲಿ ನಿಮಗೆ ಸಂಬಳ ಇದೆಯೇ, ಅಥವಾ ಬೇಕಾದಾಗ ಗಲ್ಲಾದಿಂದ ತೆಗೆದುಕೊಳ್ಳುತ್ತೀರೋ? ಗಲ್ಲಾದಿಂದ ಅಂದರೆ ನಿಮ್ಮ ಪ್ರತಿ ಖರ್ಚೂ ಒಂದು ಪ್ರಶ್ನೆ. ತಿಂಗಳಿಗೆ ಇಷ್ಟು ಅಂತ ನಿಗದಿ ಮಾಡಿಸಿಕೊಂಡು ನಿಮ್ಮ ಹೆಸರಿನ ಖಾತೆಗೆ ಹಾಕಿಸಿ. ಅಂಗಡಿ ಪಾಲುದಾರಿಕೆಯೋ, ಅವಿಭಕ್ತ ಕುಟುಂಬದ್ದೋ, ದೊಡ್ಡಪ್ಪ ಒಬ್ಬರದ್ದೋ ಅಂತ ಲೆಕ್ಕ ನೋಡುವವರನ್ನು ಕೇಳಿ ತಿಳಿದುಕೊಳ್ಳಿ.

ಗೇ ಆಗಿರುವುದಕ್ಕೋ ಮದುವೆಯಾಗದ್ದಕ್ಕೋ ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲು ಹೋಗುವುದಿಲ್ಲ, ಅದು ಹುಟ್ಟಿನಿಂದ ಬಂದದ್ದು. ಅಪ್ಪ ಸ್ವಂತ ದುಡಿದು ಮಾಡಿದ್ದನ್ನು ಮಾತ್ರ ಅವರು ಯಾರಿಗೆ ಬೇಕಾದರೂ ಬರೆಯಬಹುದು. ನಾನು ನೋಡಿದ ಜಗಳಗಳಲ್ಲಿ ಅಪಾಯದ ಗಳಿಗೆ ಯಾವುದು ಗೊತ್ತಾ? ಮನೆಯಲ್ಲಿ ಕೂಗಾಟ ಆಗಿ, “ನಿನಗೆ ಏನೂ ಬೇಡ ಅಂತ ಬರೆದುಕೊಟ್ಟು ಹೋಗು” ಅಂತ ಹಕ್ಕು ಖುಲಾಸೆ ಪತ್ರ ಮುಂದಿಡುತ್ತಾರೆ. ಹುಡುಗರು ನಾಚಿಕೆಗೆ, ಬಿಟ್ಟರೆ ಸಾಕು ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಿ ಬರುತ್ತಾರೆ. ನೋಂದಣಿ ಆದ ಮೇಲೆ ಅದನ್ನು ಬಿಡಿಸಲು ಕೋರ್ಟಿನಲ್ಲಿ ವರ್ಷಗಟ್ಟಲೆ ಹಿಡಿಯುತ್ತದೆ. ಆ ವಾರ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಪೊಲೀಸರಿಗೆ ಕೊಡುತ್ತೇವೆ ಅಂತ ಯಾರಾದರೂ ಹೆದರಿಸಿದರೆ, 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ವಯಸ್ಕರಿಬ್ಬರು ಒಪ್ಪಿ ಇರುವುದು ಅಪರಾಧವಲ್ಲ. ಮದುವೆಗೆ ಮಾತ್ರ ಮಾನ್ಯತೆ ಇಲ್ಲ, 2023ರ ಅಕ್ಟೋಬರಿನಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಆದರೆ ನೀವಿಬ್ಬರೂ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಒಬ್ಬರಿಗೊಬ್ಬರು ನಾಮಿನಿ ಆಗಬಹುದು. ಇದಕ್ಕೆ ಅಡ್ಡಿಯಿಲ್ಲ ಅಂತ ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ನಾಮಿನಿ ಅಂದರೆ ದುಡ್ಡು ಪಡೆಯುವವರು ಅಷ್ಟೇ, ವಾರಸುದಾರರಲ್ಲ. ಅವರಿಗೇ ಸೇರಬೇಕು ಅಂದರೆ ಇಬ್ಬರು ಸಾಕ್ಷಿಗಳ ಮುಂದೆ ವಿಲ್ ಬರೆಯಬೇಕು.

ಧಾರವಾಡದಿಂದ, ನರ್ಸ್

ನಿಮ್ಮ ದೊಡ್ಡಪ್ಪನ ‘ಡಾಕ್ಟರ್’ ಬಗ್ಗೆ. ಗೇ ಆಗಿರುವುದನ್ನು ಬದಲಿಸುತ್ತೇನೆ ಅಂತ ಮಾತ್ರೆ, ಇಂಜೆಕ್ಷನ್ ಕೊಡುವುದು ವೃತ್ತಿಗೆ ಸಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಯಾರೋ ಹೇಳಿದರು ಅಂತ ಅಂಥ ಕಡೆ ಹೋಗಬೇಡಿ. ನಿದ್ದೆ ಬರದೆ ಹೋದರೆ, ಎದೆ ಬಿಗಿದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಟೆರೇಸಿಗೆ ಹೋಗಿ ಮಾಡಬೇಡಿ, ಮಾತು ಕೆಳಗಿನ ಕಿಟಕಿಗೆ ಕೇಳಿಸುತ್ತದೆ. ವಾಕಿಂಗ್ ನೆಪದಲ್ಲಿ ಹೊರಗೆ ಹೋಗಿ.

ಊರು ಬೇಡ

ಒತ್ತಾಯಕ್ಕೆ ಮಣಿದು ಗೇ ಒಬ್ಬರು ಮದುವೆಯಾದ ಹುಡುಗಿ ನಾನು. ಹದಿನಾಲ್ಕು ತಿಂಗಳು ಅವರ ತುಂಬಿದ ಮನೆಯಲ್ಲಿದ್ದೆ. ಅವರು ಕೆಟ್ಟವರಲ್ಲ. ನನ್ನಲ್ಲೇ ಏನೋ ಕೊರತೆ ಅಂತ ನಾನು ತೂಕ ಇಳಿಸಿದೆ, ಹರಕೆ ಹೊತ್ತೆ. ಅವರ ತಾಯಿ ನನ್ನನ್ನೇ ಮೂರು ಡಾಕ್ಟರಿಗೆ ತೋರಿಸಿದರು. ‘ಮನೆಯವರ ಖುಷಿಗೆ’ ಅನ್ನುವ ಮಾತು ನಿಮ್ಮ ಮನಸ್ಸಿಗೆ ಬಂದಾಗ, ಆ ಮನೆಯವರ ಲೆಕ್ಕದಲ್ಲಿ ನನ್ನಂಥ ಒಬ್ಬಳನ್ನೂ ಸೇರಿಸಿಕೊಳ್ಳಿ.

ಮೈಸೂರಿನಿಂದ, 68 ವರ್ಷದ ತಾಯಿ

ನನ್ನ ಮಗನಿಗೂ ಒಬ್ಬ ‘ಫ್ರೆಂಡ್’ ಇದ್ದಾನೆ. ಹನ್ನೊಂದು ವರ್ಷದಿಂದ ದೀಪಾವಳಿಗೆ ಬರುತ್ತಾನೆ. ನಾವು ಯಾರೂ ಬಾಯಿಬಿಟ್ಟು ಏನೂ ಆಡಿಲ್ಲ. ಅವನಿಗೆ ಬದನೆಕಾಯಿ ಆಗುವುದಿಲ್ಲ ಅಂತ ಗೊತ್ತು, ಅವತ್ತು ಹುಳಿಗೆ ಹಾಕುವುದಿಲ್ಲ. ಯಜಮಾನರು ಅವನ ಜೊತೆ ಕ್ರಿಕೆಟ್ ನೋಡುತ್ತಾರೆ. ನಮಗೆಲ್ಲ ಗೊತ್ತಿದೆ, ನಮಗೆ ಗೊತ್ತಿರುವುದು ಅವರಿಗೂ ಗೊತ್ತಿದೆ. ಇದೇ ಒಳ್ಳೆಯದು ಅಂತ ನಾನು ಅಂದುಕೊಂಡಿದ್ದೆ.

ನಿಮ್ಮ ಪತ್ರ ಓದಿ ಹಳೇ ಆಲ್ಬಮ್ ತೆಗೆದೆ. ಹನ್ನೊಂದು ದೀಪಾವಳಿಯ ಫೋಟೊಗಳಲ್ಲಿ ಆ ಹುಡುಗ ಒಂದರಲ್ಲೂ ಇಲ್ಲ. ಪ್ರತಿ ವರ್ಷ ಫೋಟೊ ತೆಗೆಯುವವನು ಅವನೇ. ಯಾರೂ ಅವನಿಗೆ ತೆಗಿ ಅಂತ ಹೇಳಿದ್ದಲ್ಲ, ಎಲ್ಲರೂ ಸಾಲಾಗಿ ನಿಲ್ಲುವಾಗ ಅವನೇ ಎದ್ದು ಫೋನ್ ಇಸಕೊಳ್ಳುತ್ತಾನೆ. ಈ ಸಲ ಪಕ್ಕದ ಮನೆ ಹುಡುಗನನ್ನು ಫೋಟೊ ತೆಗೆಯಲು ಕರೆಯೋಣ ಅಂತ ಇದ್ದೇನೆ. ಯಜಮಾನರಿಗೆ ಇನ್ನೂ ಹೇಳಿಲ್ಲ.