‘ವಾಲಿಸಿ’ ಎಂದರೆ ಕ್ಯಾಮೆರಾ ಯಾವ ಕಡೆಗೆ ಹೋಗಬೇಕು? ಪ್ಯಾನ್, ಟಿಲ್ಟ್, ಜರ್ಕ್‌ಗಳ ಪದಚರ್ಚೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಊರಿನ ಜಾತ್ರೆ, ಆಟ, ಗುಡಿಗಳನ್ನು ಮೊಬೈಲಿನಲ್ಲಿ ದಾಖಲಿಸಲು ಕಲಿಯುತ್ತಿರುವ ಯುವಕ ಯುವತಿಯರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಅದರಲ್ಲಿ ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುವ ಪ್ಯಾನ್, ಮೇಲೆ ಕೆಳಗೆ ಆಡಿಸುವ ಟಿಲ್ಟ್, ಫೋನನ್ನು ಸ್ಥಿರವಾಗಿಡುವ ಗಿಂಬಲ್ ಎಂಬ ಮೋಟಾರಿನ ಹಿಡಿಕೆ ಹಿಡಿದು ನಡೆಯುತ್ತ ತೆಗೆಯುವ ಶಾಟ್ ಇವುಗಳ ವಿವರಣೆ ಬರುತ್ತದೆ. ಮೊದಲ ಕರಡಿನಲ್ಲಿ ಟಿಲ್ಟ್ ಎಂಬುದಕ್ಕೆ ‘ಕ್ಯಾಮೆರಾವನ್ನು ವಾಲಿಸಿ’ ಎಂದು ಬರೆದಿದ್ದೆ. ಹಂಪಿಯ ವಿರೂಪಾಕ್ಷ ದೇವಾಲಯದ ಪೂರ್ವ ಗೋಪುರದ ಮುಂದೆ ಅಭ್ಯಾಸ ಮಾಡಿಸಿದಾಗ, ಒಬ್ಬ ವಿದ್ಯಾರ್ಥಿನಿ ಫೋನಿನ ಒಂದು ಪಕ್ಕವನ್ನು ಕೆಳಗೆ ಮಾಡಿದಳು, ಗೋಪುರವು ಚೌಕಟ್ಟಿನಲ್ಲಿ ಓರೆಯಾಗಿ ನಿಂತಿತು. ತಪ್ಪು ಅವಳದಲ್ಲ. ಗೋಡೆ ವಾಲುವುದು, ತೇರು ವಾಲುವುದು ಪಕ್ಕಕ್ಕೆ ತಾನೆ? ನಾನು ಬರೆದದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದಳು.

ಎರಡನೆಯ ತೊಡಕು ದೋಷಗಳ ಹೆಸರಿನದು. ಅದುರು, ನಡುಗು, ಓಲಾಡು, ಕುಲುಕು ಈ ನಾಲ್ಕನ್ನೂ ಒಂದರ ಬದಲಿಗೆ ಇನ್ನೊಂದನ್ನಾಗಿ ಬಳಸಿದ್ದೇನೆ. ಇವುಗಳಲ್ಲಿ ಯಾವುದು ಯಾವ ದೋಷಕ್ಕೆ ಹೊಂದುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಕನ್ನಡ ಅಧ್ಯಾಪಕರೊಬ್ಬರಿಂದ

ಮಾನ್ಯರೇ, ಪ್ಯಾನ್ ಎಂಬುದು ಪನೋರಮಾ ಎಂಬುದರ ಮೊಟಕು ರೂಪ. 1790ರ ದಶಕದಲ್ಲಿ ರಾಬರ್ಟ್ ಬಾರ್ಕರ್ ಲಂಡನ್ನಿನಲ್ಲಿ ಪ್ರದರ್ಶಿಸಿದ ಸುತ್ತುವರಿದ ಬೃಹತ್ ಚಿತ್ರಗಳಿಗೆ ಆ ಹೆಸರಿತ್ತು. ಆದ್ದರಿಂದ ‘ಸುತ್ತುನೋಟ’ ಎಂಬ ಪದವು ಮೂಲಕ್ಕೆ ಹತ್ತಿರವಾದದ್ದು. ಟಿಲ್ಟ್‌ಗೆ ‘ಮೇಲ್ನೋಟ’ ಎನ್ನಬಹುದು. ದೋಷಗಳೆಲ್ಲಕ್ಕೂ ‘ಕಂಪನ’ ಎಂಬ ಒಂದೇ ಪದ ಸಾಕೆಂದು ನನ್ನ ಅಭಿಪ್ರಾಯ.

ಚಿತ್ರೀಕರಣವೇ ವೃತ್ತಿಯಾಗಿರುವ ಸದಸ್ಯೆಯೊಬ್ಬರಿಂದ

ಗುರುಗಳು ಹೇಳಿದ ಪ್ಯಾನ್ ಶಬ್ದದ ಮೂಲ ಸರಿಯಾಗಿದೆ. ಆದರೆ ‘ಮೇಲ್ನೋಟಕ್ಕೆ’ ಎಂದ ಕೂಡಲೇ ಕನ್ನಡಿಗರ ಮನಸ್ಸಿಗೆ ಬರುವ ಅರ್ಥವೇ ಬೇರೆಯಾದ್ದರಿಂದ ಅದು ಇಲ್ಲಿ ನಿಲ್ಲುವುದಿಲ್ಲ. ನಮ್ಮ ಕೆಲಸದಲ್ಲಿ ‘ಪ್ಯಾನ್ ಮಾಡಿ’, ‘ಟಿಲ್ಟ್ ಅಪ್ ಮಾಡಿ’ ಎಂದೇ ಹೇಳುತ್ತೇವೆ. ಹೊಸಬರಿಗೆ ವಿವರಿಸುವಾಗ ಮಾತ್ರ ನಾನು ಗೋಣಿನ ಮಾತನ್ನು ಬಳಸುತ್ತೇನೆ. ಕಾಲು ಕದಲಿಸದೆ ಗೋಣು ಹೊರಳಿಸುವುದು ಪ್ಯಾನ್, ಗೋಣು ಎತ್ತುವುದು ಅಥವಾ ತಗ್ಗಿಸುವುದು ಟಿಲ್ಟ್. ಕ್ಯಾಮೆರಾ ಇದ್ದ ಜಾಗದಿಂದಲೇ ಸರಿದರೆ ಅದು ಎರಡೂ ಅಲ್ಲ. ಆ ವಿದ್ಯಾರ್ಥಿನಿ ಮಾಡಿದ್ದು ಹೆಗಲ ಕಡೆಗೆ ತಲೆ ವಾಲಿಸುವಂಥದ್ದು. ‘ವಾಲಿಸು’ ಎಂಬ ಪದವನ್ನು ಅದಕ್ಕಾಗಿಯೇ ಉಳಿಸಿಕೊಳ್ಳಿ.

ದೋಷಗಳೆಲ್ಲಕ್ಕೂ ಒಂದೇ ಪದ ಸಾಕೆಂಬುದನ್ನು ನಾನು ಒಪ್ಪಲಾರೆ, ಏಕೆಂದರೆ ಹೆಸರು ಬೇರೆಯಾದರೆ ಮದ್ದೂ ಬೇರೆ. ಕೈಯ ಸ್ನಾಯುವಿನಿಂದ ಬರುವ ಸಣ್ಣ, ಬಿಡುವಿಲ್ಲದ ದೋಷ ನಡುಕ. ಅದಕ್ಕೆ ಟ್ರೈಪಾಡ್ ಇದೆ. ಟ್ರೈಪಾಡಿನ ಮೇಲೆ ಇಟ್ಟರೂ ಗಾಳಿಗೋ, ಮಧ್ಯದ ಕಂಬವನ್ನು ಪೂರಾ ಎತ್ತಿದ್ದಕ್ಕೋ ಬರುವುದು ಅದುರು. ಅಲ್ಲಿ ಕಂಬವನ್ನು ಇಳಿಸಿ, ಕಾಲುಗಳನ್ನು ಅಗಲಿಸಬೇಕು. ನಡೆಯುವಾಗ ಹೆಜ್ಜೆ ಹೆಜ್ಜೆಗೂ ಚಿತ್ರ ಎದ್ದು ಬೀಳುವುದು ಕುಲುಕು. ಜರ್ಕ್ ಎಂಬುದಕ್ಕೆ ನಿಮ್ಮ ಪಟ್ಟಿಯಲ್ಲಿ ಪದವೇ ಇಲ್ಲ. ಅದು ಗಕ್ಕನೆ ಹೊರಡುವುದು ಅಥವಾ ಗಕ್ಕನೆ ನಿಲ್ಲುವುದು, ನಡುವಿನ ಚಲನೆಯ ದೋಷವಲ್ಲ, ಎರಡು ತುದಿಗಳ ದೋಷ.

ಗೋಪುರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದಕ್ಕೆ ಒಂಬತ್ತು ನೆಲೆಗಳಿವೆ, ಎತ್ತರ ಸುಮಾರು 50 ಮೀಟರ್. ಮೊದಲು ಟ್ರೈಪಾಡಿನಲ್ಲಿ ಮಟ್ಟ ತೋರಿಸುವ ಗುಳ್ಳೆಯನ್ನು ವೃತ್ತದ ನಡುವಿಗೆ ತಂದು, ಪಕ್ಕಕ್ಕೆ ತಿರುಗುವ ಬೀಗವನ್ನು ಬಿಗಿದು, ಮೇಲೆ ಕೆಳಗೆ ಆಡುವ ಬೀಗವನ್ನು ಮಾತ್ರ ಸಡಿಲಿಸಬೇಕು. ಕೊನೆಯ ಚೌಕಟ್ಟು ಎಲ್ಲಿ ನಿಲ್ಲಬೇಕೆಂದು ಕ್ಯಾಮೆರಾವನ್ನು ಒಮ್ಮೆ ಕಳಶದವರೆಗೆ ಎತ್ತಿ ನೋಡಿಕೊಳ್ಳಬೇಕು, ಕೈ ಅಲ್ಲಿ ನಿರಾಳವಾಗಿರುವಂತೆ ನಿಲ್ಲಬೇಕು. ಆರಂಭದಲ್ಲಿ ಮೈ ತುಸು ಇಕ್ಕಟ್ಟಾಗಿದ್ದರೂ ಪರವಾಗಿಲ್ಲ, ಮುಗಿಸುವಾಗ ಇಕ್ಕಟ್ಟಾದರೆ ಗಕ್ಕನೆ ನಿಲ್ಲುತ್ತದೆ. ರೆಕಾರ್ಡಿಂಗ್ ಶುರುವಾದ ಮೇಲೆ ಬುಡದಲ್ಲಿ ನಾಲ್ಕು ಸೆಕೆಂಡು ಅಲುಗಾಡದೆ ನಿಂತು, ಹಿಡಿಯನ್ನು ಬೆರಳುಗಳಿಂದ ಹಗುರವಾಗಿ ಒತ್ತುತ್ತ, ಒಂದು ನೆಲೆಗೆ ಒಂದು ಎಣಿಕೆಯಂತೆ ಏರಬೇಕು. ಮೇಲೆ ಹೋದಂತೆ ನೆಲೆಗಳು ಚಿಕ್ಕದಾಗುತ್ತವೆ, ನೋಡುವ ಕೋನವೂ ಅವನ್ನು ಇನ್ನಷ್ಟು ಕುಗ್ಗಿಸುತ್ತದೆ. ಹಾಗಾಗಿ ಎಣಿಕೆ ಒಂದೇ ಸಮನಾಗಿದ್ದರೂ ಕೈ ತಾನಾಗಿಯೇ ನಿಧಾನವಾಗುತ್ತದೆ. ಕಳಶದ ಮೇಲೆ ಮತ್ತೆ ನಾಲ್ಕು ಸೆಕೆಂಡು ನಿಂತರೆ, ಸಂಕಲನ ಮಾಡುವವರಿಗೆ ಕತ್ತರಿಸಲು ಎರಡೂ ಕಡೆ ಜಾಗ ಸಿಗುತ್ತದೆ. ಕೈ ಆರಂಭದಲ್ಲಿಯೇ ಜಗ್ಗುವವರು ಹಿಡಿಗೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ ಅದನ್ನು ಎಳೆಯಲಿ, ಮೊದಲ ಜಗ್ಗನ್ನು ರಬ್ಬರೇ ನುಂಗುತ್ತದೆ.

ಮದುವೆಯ ವಿಡಿಯೊ ತೆಗೆದ ಸದಸ್ಯರೊಬ್ಬರಿಂದ

ಪದದ ವಿಷಯ ನನಗೆ ಅಷ್ಟಾಗಿ ತಿಳಿಯದು, ನನ್ನ ಅನುಭವವನ್ನು ಹೇಳುತ್ತೇನೆ. ತಂಗಿಯ ಮದುವೆಯಲ್ಲಿ ಫೋನನ್ನು ಟ್ರೈಪಾಡಿಗೆ ಸಿಕ್ಕಿಸಿ ಬಹಳ ಎಚ್ಚರದಿಂದ ಮಂಟಪದಿಂದ ಬಂಧುಗಳ ಕಡೆಗೆ ಪ್ಯಾನ್ ಮಾಡಿದೆ. ಆದರೂ ಚಿತ್ರ ಮೊದಲು ಒಂದು ಕ್ಷಣ ಅಂಟಿಕೊಂಡಂತೆ ನಿಂತು, ಆಮೇಲೆ ಹಾರಿತು. ನಾನು ಕೈ ನಿಲ್ಲಿಸಿದ ಮೇಲೂ ತುಸು ಜಾರಿತು. ಅಗ್ಗದ ಟ್ರೈಪಾಡ್ ಆದ್ದರಿಂದ ಹೀಗಾಯಿತೆಂದು ಅಂಗಡಿಯವರು ಹೇಳಿದರು. ನಾನು ಗಿಂಬಲ್ ಕೊಂಡರೆ ಇದು ಸರಿಯಾಗುತ್ತದೆಯೇ?

ಮತ್ತೆ ಅದೇ ಸದಸ್ಯೆಯಿಂದ

ನೀವು ಹೇಳಿದ ಲಕ್ಷಣ ಟ್ರೈಪಾಡಿನದಲ್ಲ ಎಂದು ನನಗೆ ತೋರುತ್ತದೆ. ಫೋನಿನೊಳಗಿನ ಸ್ಥಿರೀಕರಣವು ನಿಮ್ಮ ಪ್ಯಾನನ್ನೇ ಕೈನಡುಕವೆಂದು ತಿಳಿದು ತಡೆಯಲು ನೋಡುತ್ತದೆ, ತನ್ನ ಮಿತಿ ಮುಗಿದಾಗ ಒಮ್ಮೆಲೇ ಬಿಟ್ಟುಕೊಡುತ್ತದೆ. ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಿ ಅದೇ ಪ್ಯಾನನ್ನು ಮತ್ತೊಮ್ಮೆ ತೆಗೆದು ನೋಡಿ. ಅಂಟಿಕೊಳ್ಳುವುದು ಹೋದರೆ ಕಾರಣ ಖಚಿತ, ಹೋಗದಿದ್ದರೆ ಟ್ರೈಪಾಡಿನ ತಲೆಯನ್ನು ಅನುಮಾನಿಸಬೇಕು.

ಗಿಂಬಲ್ ಬೇರೆಯದೇ ಕೆಲಸ ಮಾಡುತ್ತದೆ. ಅದರ ಮೂರು ಮೋಟಾರುಗಳು ಹೊರಳುವುದನ್ನೂ ಎತ್ತಿ ತಗ್ಗುವುದನ್ನೂ ವಾಲುವುದನ್ನೂ ಸರಿಪಡಿಸುತ್ತವೆ, ಆದರೆ ನಿಮ್ಮ ಇಡೀ ದೇಹ ಹೆಜ್ಜೆಗೊಮ್ಮೆ ಮೇಲೆದ್ದು ಇಳಿಯುವುದನ್ನು ಅವು ಮುಟ್ಟುವುದೇ ಇಲ್ಲ. ಹತ್ತಿರದ ಕಂಬವೊಂದು ಚೌಕಟ್ಟಿನಲ್ಲಿದ್ದರೆ ಆ ಕುಲುಕು ಎದ್ದು ಕಾಣುತ್ತದೆ, ದೂರದ ಬೆಟ್ಟವನ್ನು ತೆಗೆಯುವಾಗ ಕಾಣುವುದೇ ಇಲ್ಲ.

ಬಾಗಲಕೋಟೆ ಕಡೆಯ ಸದಸ್ಯರೊಬ್ಬರಿಂದ

ಮೈ ಮೇಲೆದ್ದು ಇಳಿಯದಂತೆ ನಡೆಯುವ ನಡಿಗೆಗೆ ನಮ್ಮಲ್ಲಿ ಮಾತು ಆಗಲೇ ಇದೆ. ತುಂಬಿದ ಕೊಡ ತಲೆಯ ಮೇಲಿದ್ದಾಗ ನಮ್ಮ ಅವ್ವ ಮಂಡಿಯನ್ನು ತುಸು ಮಡಿಸಿ, ಹಿಮ್ಮಡಿಯಿಂದ ಬೆರಳಿಗೆ ಪಾದವನ್ನು ಉರುಳಿಸುತ್ತ, ಸಣ್ಣ ಹೆಜ್ಜೆ ಹಾಕುತ್ತಿದ್ದಳು. ‘ತುಳುಕದ ನಡಿಗೆ’ ಎಂದು ಬರೆದರೆ ನಿಮ್ಮ ವಿದ್ಯಾರ್ಥಿಗಳಿಗೆ ಬೇರೆ ವಿವರಣೆ ಬೇಕಾಗದು. ಆದರೆ ‘ಕುಲುಕು’ ಎಂದರೆ ನಮ್ಮ ಕಡೆ ಬೇಕೆಂದೇ ಅಲ್ಲಾಡಿಸುವುದು. ತಾನಾಗಿ ಆಗುವುದಕ್ಕೆ ಅದು ಒಪ್ಪುತ್ತದೆಯೇ ಎಂಬ ಅನುಮಾನ ನನಗಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪ್ಯಾನ್, ಟಿಲ್ಟ್ ಎಂಬ ಪದಗಳನ್ನು ಹಾಗೆಯೇ ಇಟ್ಟು, ಮೊದಲ ಬಾರಿ ಬಂದಲ್ಲಿ ಗೋಣಿನ ವಿವರಣೆಯನ್ನು ಕೊಡುತ್ತೇನೆ. ‘ವಾಲಿಸು’ ಎಂಬುದು ಪಕ್ಕಕ್ಕೆ ಮಾತ್ರ. ‘ತುಳುಕದ ನಡಿಗೆ’ ಶೀರ್ಷಿಕೆಯಾಗಿಯೇ ಹೋಗಲಿದೆ. ಅಧ್ಯಾಪಕರ ‘ಸುತ್ತುನೋಟ’ವನ್ನು ಫೋನಿನಲ್ಲಿ ಅಗಲವಾಗಿ ತೆಗೆಯುವ ಪನೋರಮಾ ಚಿತ್ರಕ್ಕೆ ಬಳಸಬಹುದೆನಿಸುತ್ತದೆ, ಅವರು ಒಪ್ಪಿದರೆ.

ಹೆಜ್ಜೆಯ ಕುಲುಕಿಗೆ ಬೇರೆ ಪದ ಇನ್ನೂ ಬೇಕಾಗಿದೆ. ‘ಎದ್ದಾಟ’, ‘ಕುಪ್ಪಳಿಕೆ’ ಎರಡನ್ನೂ ಬರೆದು ನೋಡಿದೆ. ಮೊದಲನೆಯದು ಹೊಸದಾಗಿ ಹೊಸೆದಂತಿದೆ, ಎರಡನೆಯದರಲ್ಲಿ ಕಪ್ಪೆ ನೆಗೆದಂತಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಸದಸ್ಯರು ದೋಣಿಯ ಅಥವಾ ಗಾಡಿಯ ಏರಿಳಿತಕ್ಕೆ ಏನೆನ್ನುತ್ತಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.